ಮಾವನ ಖಾತೆಗೆ ಕಟ್ಟಿದ 11.40 ಲಕ್ಷ: ನೋಟಿಸಿಗೆ ನಾನು ಉತ್ತರ ಬರೆದದ್ದು

ಮಂಡ್ಯದಲ್ಲಿ ತೆರಿಗೆ ಲೆಕ್ಕ ಬರೆಯುವುದೇ ನನ್ನ ಕೆಲಸ. ಆದರೂ ಪಾಂಡವಪುರ ತಾಲ್ಲೂಕಿನಲ್ಲಿರುವ ನಮ್ಮ ಸೋದರಮಾವನಿಗೆ ನೋಟಿಸ್ ಬಂದಾಗ ನನಗೂ ಗಾಬರಿಯಾಯಿತು. 2022-23ರಲ್ಲಿ ಅವರ ಉಳಿತಾಯ ಖಾತೆಗೆ 11,40,000 ರೂಪಾಯಿ ನಗದು ಬಿದ್ದಿತ್ತು. ವರ್ಷದಲ್ಲಿ ನಗದು 10 ಲಕ್ಷ ಮುಟ್ಟಿದರೆ ಬ್ಯಾಂಕೇ ಆದಾಯ ತೆರಿಗೆ ಇಲಾಖೆಗೆ ತಿಳಿಸುತ್ತದೆ. ಮಾವ ರಿಟರ್ನ್ ಹಾಕಿರಲಿಲ್ಲ. ಹಾಗಾಗಿ 148ಎ ಕಲಂನಡಿ, ಈ ಹಣವನ್ನು ತಪ್ಪಿಸಿದ ಆದಾಯ ಅಂತ ಯಾಕೆ ನೋಡಬಾರದು ಎಂದು ಕೇಳಿದ್ದರು.

"ಅಲ್ಲ ಕಣಪ್ಪ, ನನ್ ದುಡ್ಡು ನಾನು ಕಟ್ಟುದ್ರೆ ಇವ್ರಿಗೇನು?" ಅಂದರು ಮಾವ. ಹಣದ ಮೂಲ ತೋರಿಸದಿದ್ದರೆ ಆ ವರ್ಷಕ್ಕೆ ಸರ್‌ಚಾರ್ಜ್, ಸೆಸ್ ಸೇರಿ ನೂರಕ್ಕೆ 78 ರೂಪಾಯಿ ತೆರಿಗೆ ಅಂತ ಹೇಳಿದ ಮೇಲೆ ಸುಮ್ಮನೆ ಕೂತರು.

ನಾನು ಮೊದಲು ಬರೆದ ಉತ್ತರ ಒಂದೇ ಸಾಲು: ಎಲ್ಲವೂ ಕೃಷಿ ಆದಾಯ, ತೆರಿಗೆ ಇಲ್ಲ. ಸಾಮಾನ್ಯವಾಗಿ ಎಲ್ಲರೂ ಬರೆಯುವುದು ಇದನ್ನೇ. ಆಮೇಲೆ ನಾನೇ ಲೆಕ್ಕ ಹಾಕಿ ನೋಡಿದೆ. ಮಾವನದು 5 ಎಕರೆ ಕಬ್ಬು. ಎಕರೆಗೆ 40 ಟನ್ ಅಂದರೂ 200 ಟನ್. ಟನ್ನಿಗೆ ಒಂದು ಕ್ವಿಂಟಾಲ್ ಬೆಲ್ಲ. ಅವರಿಗೆ ಸಿಕ್ಕ ರೇಟು ಸುಮಾರು 3,400. ಅಲ್ಲಿಗೆ 6.8 ಲಕ್ಷ, ಅದರಲ್ಲೂ ಆಲೆಮನೆ ಬಾಡಿಗೆ, ಕೂಲಿ ಕಳೆಯಬೇಕು. 11.40 ಲಕ್ಷ ಆ ನೆಲದಿಂದ ಬರುವುದಿಲ್ಲ. ಪಹಣಿ ಹಿಡಿದುಕೊಂಡು ಅಧಿಕಾರಿ ಇದೇ ಲೆಕ್ಕ ಹಾಕಿದ್ದರೆ ನಿಜವಾದ ಬೆಲ್ಲದ ದುಡ್ಡನ್ನೂ ನಂಬುತ್ತಿರಲಿಲ್ಲ, ಅಲ್ವಾ? ಆ ಕರಡನ್ನು ಹರಿದು ಹಾಕಿದೆ.

ಪಾಸ್‌ಬುಕ್ ಮುಂದಿಟ್ಟುಕೊಂಡು ಒಂದೊಂದು ಜಮೆಯನ್ನೂ ಬೇರೆ ಬೇರೆ ಕೇಳಿದೆ. ಜೂನ್ 14ರ 4 ಲಕ್ಷ ಅದೇ ಖಾತೆಯಿಂದ ಏಪ್ರಿಲ್‌ನಲ್ಲಿ ತೆಗೆದ ನಾಲ್ಕೂವರೆ ಲಕ್ಷದ್ದು. ಮನೆಗೆ ಮೋಲ್ಡ್ ಹಾಕಿಸಲು ತೆಗೆದಿದ್ದರು. ಮೇಸ್ತ್ರಿಗೆ 50,000 ಕೊಟ್ಟ ಮೇಲೆ ಕೆಲಸ ನಿಂತಿತು, ಉಳಿದದ್ದು ವಾಪಸ್ ಬಂತು. ಸೆಪ್ಟೆಂಬರ್ 5ರ 1.40 ಲಕ್ಷ, ಡಿಸೆಂಬರ್ 19ರ 3 ಲಕ್ಷ ಬೆಲ್ಲದ್ದು. ಫೆಬ್ರವರಿಯ 3 ಲಕ್ಷ ಮಗಳ ಮದುವೆಯ ಮುಯ್ಯಿ.

ಆಮೇಲೆ ಕೈನಗದಿನ ಪಟ್ಟಿ ಬರೆದೆ. ತಾರೀಖು, ಎಲ್ಲಿಂದ ಬಂತು, ಎಲ್ಲಿಗೆ ಹೋಯಿತು, ಕೈಯಲ್ಲಿ ಉಳಿದದ್ದೆಷ್ಟು. ಮನೆಖರ್ಚನ್ನೂ ಸೇರಿಸಿದೆ, ಅದಿಲ್ಲದ ಪಟ್ಟಿಯನ್ನು ಯಾರೂ ನಂಬುವುದಿಲ್ಲ. ಕೊನೆಯ ಕಾಲಂ ಯಾವ ದಿನವೂ ಸೊನ್ನೆಗಿಂತ ಕೆಳಗೆ ಇಳಿಯಬಾರದು. ಇಳಿದರೆ, ಇಲ್ಲದ ದುಡ್ಡನ್ನು ಬ್ಯಾಂಕಿಗೆ ಕಟ್ಟಿದ ಹಾಗಾಯಿತು.

ನನ್ನದು ಇಳಿಯಿತು. ಡಿಸೆಂಬರ್ 19ರ ಬೆಳಿಗ್ಗೆ ಕೈಯಲ್ಲಿ 2,38,000, ಕಟ್ಟಿದ್ದು 3,00,000. 62,000 ಕಮ್ಮಿ. ಬೆಲ್ಲ ಮಾರಿದ 85,000ದ ಒಂದು ಮಂಡಿ ಚೀಟಿಯಲ್ಲಿ ಡಿಸೆಂಬರ್ 24 ಅಂತ ಇತ್ತು. ಮಾವನನ್ನು ಕೇಳಿದರೆ, "ದುಡ್ಡು 16ಕ್ಕೇ ಕೊಟ್ರು, ಚೀಟಿ ಆಮೇಲೆ ಬರ್ಕೊಟ್ರು." ಬಾಯಿಮಾತು ಸಾಲದು. ಮಂಡಿಗೆ ಹೋಗಿ ಅವರ ಖಾತಾ ಪುಸ್ತಕದ ಆ ಪುಟದ ನಕಲು, ಜೊತೆಗೊಂದು ಪತ್ರ ಬರೆಸಿಕೊಂಡು ಬಂದೆ. ಪುಟದಲ್ಲಿ 16 ಅಂತಲೇ ಇತ್ತು. ನನ್ನ ಕೈನಗದಿನ ಪಟ್ಟಿಯಲ್ಲಿ ತಾರೀಖು ಬದಲಾಯಿಸಿ, ಚೀಟಿಯ ತಾರೀಖು ಯಾಕೆ ಬೇರೆ ಅಂತ ಉತ್ತರದಲ್ಲೇ ಬರೆದೆ. ಯಾವ ಮಂಡಿ ಚೀಟಿಯೂ 2 ಲಕ್ಷ ಮುಟ್ಟಿರಲಿಲ್ಲ. ಒಬ್ಬರಿಂದ ಒಂದೇ ದಿನ ಅಷ್ಟು ನಗದು ತಗೊಳ್ಳುವುದೇ ತಪ್ಪು.

ಜಾಸ್ತಿ ಯೋಚನೆ ಮಾಡಿದ್ದು ಮುಯ್ಯಿ ಬಗ್ಗೆ. ಮದುವೆ ಉಡುಗೊರೆಗೆ ತೆರಿಗೆ ಇಲ್ಲ ಅನ್ನುವುದು ಮದುವೆಯಾಗುವವರಿಗೆ ಮಾತ್ರ, ಅಪ್ಪನಿಗಲ್ಲ. ಅಪ್ಪನದು ಅಂತ ಬರೆದರೆ ಹತ್ತಿರದ ನೆಂಟರು ಕೊಟ್ಟದ್ದಕ್ಕೆ ತೊಂದರೆ ಇಲ್ಲ. ಊರವರು, ಸ್ನೇಹಿತರು ಕೊಟ್ಟದ್ದು ವರ್ಷಕ್ಕೆ ಒಟ್ಟು 50,000 ದಾಟಿದರೆ ಅದಷ್ಟಕ್ಕೂ ತೆರಿಗೆ. ನಮ್ಮ ಕಡೆ ಮುಯ್ಯಿ ಪುಸ್ತಕ ಬರೆಯುವುದು ಮನೆಯ ಹೆಸರಿನಲ್ಲಿ, ದುಡ್ಡು ಇಟ್ಟುಕೊಳ್ಳುವುದು ಯಜಮಾನ. ಇಲ್ಲಿ ಮಾವ ಆ 3 ಲಕ್ಷವನ್ನು ಮಾರ್ಚ್‌ನಲ್ಲಿ ಪೂರ್ತಿ ಮಗಳ ಖಾತೆಗೆ ಕಳಿಸಿದ್ದರು. ಆ ಬ್ಯಾಂಕ್ ನಮೂದು, ಲಗ್ನಪತ್ರಿಕೆ, ಮುಯ್ಯಿ ಪುಸ್ತಕದ ಪುಟಗಳು, ದುಡ್ಡು ತನ್ನದೇ ಅಂತ ಮಗಳು ಪ್ಯಾನ್ ನಂಬರ್ ಸಮೇತ ಬರೆದುಕೊಟ್ಟ ಪತ್ರ, ನಾಲ್ಕನ್ನೂ ಸೇರಿಸಿದೆ. ಕಳಿಸದೆ ಉಳಿಸಿಕೊಂಡಿದ್ದರೆ ಊರವರ ಭಾಗವನ್ನು ಮಾವನ ಆದಾಯಕ್ಕೇ ಸೇರಿಸಿ ತೋರಿಸುತ್ತಿದ್ದೆ.

ಉತ್ತರ ಎರಡೇ ಪುಟ. ನಾಲ್ಕು ಜಮೆ, ಒಂದೊಂದಕ್ಕೂ ಒಂದು ಪ್ಯಾರಾ, ಪ್ರತಿ ಪ್ಯಾರಾದ ಕೊನೆಗೆ ದಾಖಲೆಯ ನಂಬರ್. ಕೊಟ್ಟ ಗಡುವಿಗೆ ಮೂರು ದಿನ ಮೊದಲೇ ಪೋರ್ಟಲ್‌ನ `Pending Actions`, ಅದರೊಳಗೆ `e-Proceedings`ನಲ್ಲಿ ಹಾಕಿ, ಸ್ವೀಕೃತಿ ಇಳಿಸಿಕೊಂಡೆ. ಕೆಲವು ವಾರಗಳಲ್ಲಿ ಆದೇಶ ಬಂತು: ಆ ವರ್ಷದ ಲೆಕ್ಕ ಮತ್ತೆ ತೆರೆಯುವುದಿಲ್ಲ ಅಂತ. ಮುಯ್ಯಿ ಪುಸ್ತಕವನ್ನು ಅತ್ತೆ ಅವತ್ತೇ ವಾಪಸ್ ಇಸ್ಕೊಂಡು ಹೋದರು. ಮುಂದಿನ ವಾರ ಊರಲ್ಲಿ ಇನ್ನೊಂದು ಮದುವೆ ಇತ್ತು.