ಅರ್ಧ ಗ್ರಾಂ ಹೆರಾಯಿನ್, ಮೂರು ಊರು: ಮಾದಕವಸ್ತು ನೀತಿಗಳನ್ನು ಹೋಲಿಸಿ ನೋಡುವುದು ಹೇಗೆ?

ಮಾದಕವಸ್ತು ಕಾನೂನಿನ ಚರ್ಚೆ ಎದ್ದಾಗಲೆಲ್ಲ ಎರಡು ಸ್ಥಳಗಳ ಹೆಸರು ಕೇಳಿಬರುತ್ತದೆ. ಬಳಕೆದಾರರನ್ನು ಜೈಲಿಗೆ ಕಳಿಸುವುದನ್ನು ಬಿಟ್ಟಿದ್ದರಿಂದ ಪೋರ್ಚುಗಲ್ ಗೆದ್ದಿತು ಎಂದು ಒಂದು ಕಡೆಯವರು ಹೇಳಿದರೆ, ಅದನ್ನೇ ಮಾಡಲು ಹೋದ ಅಮೆರಿಕದ ಆರೆಗಾನ್ ರಾಜ್ಯ ಮೂರೂವರೆ ವರ್ಷಗಳಲ್ಲಿ ಹಿಂದೆ ಸರಿಯಬೇಕಾಯಿತು ಎಂದು ಇನ್ನೊಂದು ಕಡೆಯವರು ಹೇಳುತ್ತಾರೆ. ಎರಡು ಮಾತೂ ನಿಜ. ಆದರೂ ಇವುಗಳಿಂದ ಯಾವ ತೀರ್ಮಾನಕ್ಕೂ ಬರಲಾಗುವುದಿಲ್ಲ, ಏಕೆಂದರೆ ಈ ಎರಡೂ ಕಡೆ ನಡೆದದ್ದು ಹೆಸರಿಗೆ ಮಾತ್ರ ಒಂದೇ. ಒಂದು ದೇಶದ ನೀತಿಯನ್ನು ಇನ್ನೊಂದರ ಜೊತೆ ಇಟ್ಟು ನೋಡುವಾಗ ಯಾವ ಕ್ರಮ ಅನುಸರಿಸಬೇಕು ಎಂಬುದನ್ನು ಇಲ್ಲಿ ಹಂತಹಂತವಾಗಿ ವಿವರಿಸಲಾಗಿದೆ.

ಮೊದಲ ಹೆಜ್ಜೆ: ನೀತಿಯ ಹೆಸರನ್ನು ಬದಿಗಿಟ್ಟು, ಸಿಕ್ಕಿಬಿದ್ದ ವ್ಯಕ್ತಿಯ ಹಿಂದೆ ಹೋಗಿ

ಸ್ವಂತ ಬಳಕೆಗೆಂದು ಅರ್ಧ ಗ್ರಾಂ ಹೆರಾಯಿನ್ ಜೇಬಿನಲ್ಲಿಟ್ಟುಕೊಂಡಿರುವ ಒಬ್ಬ ವ್ಯಸನಿಯನ್ನು ಕಲ್ಪಿಸಿಕೊಳ್ಳಿ. ಆತ ಪೊಲೀಸರ ಕೈಗೆ ಸಿಕ್ಕ ಮೇಲೆ ಏನಾಗುತ್ತದೆ?

ಪೋರ್ಚುಗಲ್‌ನ ರಾಜಧಾನಿ ಲಿಸ್ಬನ್ನಿನಲ್ಲಿ 2001ರ ಜುಲೈ 1ರಿಂದ ಜಾರಿಗೆ ಬಂದ ಕಾನೂನಿನ ಪ್ರಕಾರ, ಹತ್ತು ದಿನಗಳ ಸ್ವಂತ ಬಳಕೆಗೆ ಸಾಲುವಷ್ಟು ಮಾದಕವಸ್ತುವನ್ನು ಇಟ್ಟುಕೊಳ್ಳುವುದು ಕಾನೂನುಬಾಹಿರ, ಆದರೆ ಕ್ರಿಮಿನಲ್ ಅಪರಾಧವಲ್ಲ. ಹೆರಾಯಿನ್‌ಗೆ ಈ ಮಿತಿಯನ್ನು 1 ಗ್ರಾಂ ಎಂದು ಲೆಕ್ಕ ಹಾಕಲಾಗಿತ್ತು. ಪೊಲೀಸರು ವಸ್ತುವನ್ನು ವಶಪಡಿಸಿಕೊಂಡು ಆತನನ್ನು ಜಿಲ್ಲೆಯ ಆಯೋಗವೊಂದರ ಮುಂದೆ ಹಾಜರಾಗುವಂತೆ ಸೂಚಿಸುತ್ತಾರೆ. ಮೂವರು ಸದಸ್ಯರ ಈ ಆಯೋಗದಲ್ಲಿ ಒಬ್ಬರು ಕಾನೂನು ಬಲ್ಲವರು, ಉಳಿದವರು ವೈದ್ಯಕೀಯ, ಮನಶ್ಶಾಸ್ತ್ರ ಅಥವಾ ಸಮಾಜಕಾರ್ಯದಂಥ ಕ್ಷೇತ್ರದವರು. ಆತ ವ್ಯಸನಿಯೋ, ಆಗೊಮ್ಮೆ ಈಗೊಮ್ಮೆ ಬಳಸುವವನೋ ಎಂಬುದನ್ನು ಅವರು ಮೊದಲು ತಿಳಿದುಕೊಳ್ಳುತ್ತಾರೆ. ವ್ಯಸನಿಗೆ ದಂಡ ಹಾಕುವಂತಿಲ್ಲ. ಚಿಕಿತ್ಸೆಗೆ ಒಪ್ಪಿದರೆ ಪ್ರಕರಣವನ್ನು ತಡೆಹಿಡಿಯಲಾಗುತ್ತದೆ, ಆದರೆ ಚಿಕಿತ್ಸೆಯನ್ನು ಬಲವಂತವಾಗಿ ಹೇರುವ ಅಧಿಕಾರ ಆಯೋಗಕ್ಕಿಲ್ಲ. ಮಾರುವವರ ಮತ್ತು ಸಾಗಿಸುವವರ ಮೇಲಿನ ಕ್ರಿಮಿನಲ್ ಕಾನೂನು ಮೊದಲಿನಂತೆಯೇ ಉಳಿಯಿತು.

ಆರೆಗಾನ್‌ನ ಪೋರ್ಟ್‌ಲ್ಯಾಂಡ್‌ನಲ್ಲಿ 2021ರ ಫೆಬ್ರುವರಿಯಿಂದ 2024ರ ಆಗಸ್ಟ್‌ವರೆಗೆ ಆತನಿಗೆ ಸಿಗುತ್ತಿದ್ದುದು ಸಂಚಾರ ನಿಯಮ ಮುರಿದಾಗ ಕೊಡುವಂಥ ನೂರು ಡಾಲರಿನ ದಂಡದ ಚೀಟಿ. ಸಹಾಯವಾಣಿಯೊಂದಕ್ಕೆ ಕರೆ ಮಾಡಿ ತಪಾಸಣೆಗೆ ಒಳಪಟ್ಟರೆ ಆ ದಂಡವೂ ಮನ್ನಾ. ಕರೆ ಮಾಡದಿದ್ದರೆ, ದಂಡ ಕಟ್ಟದಿದ್ದರೆ ಕೇಳುವವರಿರಲಿಲ್ಲ. ರಾಜ್ಯದ ಲೆಕ್ಕಪರಿಶೋಧಕರ ವರದಿಯ ಪ್ರಕಾರ ಮೊದಲ 15 ತಿಂಗಳಲ್ಲಿ ಆ ಸಹಾಯವಾಣಿಗೆ ಬಂದ ಕರೆಗಳು ಕೇವಲ 119. ಲಿಸ್ಬನ್ನಿನಲ್ಲಿ ಆತನ ಎದುರು ಒಬ್ಬ ಮನುಷ್ಯ ಕೂತು ಮಾತನಾಡಿದರೆ, ಪೋರ್ಟ್‌ಲ್ಯಾಂಡ್‌ನಲ್ಲಿ ಆತನ ಕೈಯಲ್ಲಿ ಉಳಿದದ್ದು ಒಂದು ಚೀಟಿ. ನನ್ನ ದೃಷ್ಟಿಯಲ್ಲಿ ಈ ಎರಡು ನೀತಿಗಳ ನಡುವಿನ ಅತಿ ದೊಡ್ಡ ವ್ಯತ್ಯಾಸ ಇದೇ.

ಬೆಂಗಳೂರಿನಲ್ಲಿ ಆತ 1985ರ ಮಾದಕವಸ್ತು ನಿಯಂತ್ರಣ ಕಾನೂನಾದ ಎನ್‌ಡಿಪಿಎಸ್ ಕಾಯ್ದೆಯ ವ್ಯಾಪ್ತಿಗೆ ಬರುತ್ತಾನೆ. ಹೆರಾಯಿನ್‌ಗೆ 5 ಗ್ರಾಂವರೆಗೆ ‘ಅಲ್ಪ ಪ್ರಮಾಣ’. ಅದಕ್ಕೆ ಒಂದು ವರ್ಷದವರೆಗೆ ಜೈಲು, ಇಲ್ಲವೇ ದಂಡ, ಇಲ್ಲವೇ ಎರಡೂ ಆಗಬಹುದು. ಸೇವಿಸಿದ್ದೂ ಸಾಬೀತಾದರೆ 27ನೇ ಕಲಂ ಅನ್ವಯಿಸುತ್ತದೆ. ಇದು ನಿಷೇಧದ ಮಾದರಿ. ಆದರೆ ಇದೇ ಕಾಯ್ದೆಯ 64ಎ ಕಲಂ, ಅಲ್ಪ ಪ್ರಮಾಣದೊಂದಿಗೆ ಸಿಕ್ಕ ವ್ಯಸನಿಯು ಸರ್ಕಾರದ ಮಾನ್ಯತೆಯುಳ್ಳ ಸಂಸ್ಥೆಯಲ್ಲಿ ಸ್ವಇಚ್ಛೆಯಿಂದ ಚಿಕಿತ್ಸೆ ಪಡೆಯಲು ಮುಂದಾದರೆ ಆತನನ್ನು ವಿಚಾರಣೆಯಿಂದ ಬಿಡುಗಡೆ ಮಾಡುತ್ತದೆ. ಚಿಕಿತ್ಸೆಯನ್ನು ನಡುವೆ ಬಿಟ್ಟರೆ ಆ ರಕ್ಷಣೆಯನ್ನು ಹಿಂಪಡೆಯಬಹುದು. ಲಿಸ್ಬನ್ನಿನ ಆಯೋಗ ಮಾಡುವ ಕೆಲಸದ ಒಂದು ಬೀಜ ನಮ್ಮ ಕಾನೂನಿನಲ್ಲೇ ಇದೆ. ಆದರೆ ಅಲ್ಲಿ ಆಯೋಗವೇ ವ್ಯಕ್ತಿಯನ್ನು ಕರೆಯುತ್ತದೆ. ಇಲ್ಲಿ ಆ ಕಲಂ ಇದೆಯೆಂಬುದು ಆರೋಪಿಗೋ ಅವನ ವಕೀಲರಿಗೋ ಗೊತ್ತಿದ್ದು, ಅವರೇ ಕೇಳಬೇಕು.

ಪ್ರಮಾಣದ ಬಗ್ಗೆ ಒಂದು ಮಾತು ಸೇರಿಸಲೇಬೇಕು. ಬೀದಿಯಲ್ಲಿ ಸಿಗುವ ಹೆರಾಯಿನ್ ಶುದ್ಧವಾಗಿರುವುದಿಲ್ಲ, ಅದರಲ್ಲಿ ಬೇರೆ ಪುಡಿಗಳು ಬೆರೆತಿರುತ್ತವೆ. 2020ರಲ್ಲಿ ಹೀರಾ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಶುದ್ಧ ಅಂಶವನ್ನಷ್ಟೇ ಅಲ್ಲದೆ ಇಡೀ ಮಿಶ್ರಣದ ತೂಕವನ್ನು ಲೆಕ್ಕಕ್ಕೆ ಹಿಡಿಯಬೇಕು ಎಂದು ಹೇಳಿತು. ಆದ್ದರಿಂದ ಮಿತಿಗಳ ಪಟ್ಟಿಯನ್ನು ದೇಶದಿಂದ ದೇಶಕ್ಕೆ ಹೋಲಿಸುವಾಗ, ತೂಗುವುದು ಯಾವುದನ್ನು ಎಂದು ಕೇಳದೆ ಮುಂದೆ ಹೋಗಬಾರದು.

ಎರಡನೆಯ ಹೆಜ್ಜೆ: ಕಾನೂನು ಮತ್ತು ಸೇವೆ, ಇವನ್ನು ಬೇರೆಬೇರೆಯಾಗಿ ನೋಡಿ

ನಿಷೇಧ, ಬಳಕೆದಾರನನ್ನು ಅಪರಾಧಿಯೆಂದು ಕಾಣದ ಅಪರಾಧಮುಕ್ತಿ, ಹಾನಿ ತಗ್ಗಿಸುವಿಕೆ ಎಂಬ ಮೂರನ್ನು ಒಂದೇ ಏಣಿಯ ಮೂರು ಮೆಟ್ಟಿಲುಗಳೆಂಬಂತೆ ಬರೆಯುವ ರೂಢಿಯಿದೆ. ಇದು ಸರಿಯಲ್ಲ. ಮೊದಲೆರಡು, ಸಿಕ್ಕಿಬಿದ್ದವನನ್ನು ಏನು ಮಾಡಬೇಕು ಎಂಬ ಪ್ರಶ್ನೆಗೆ ಉತ್ತರಗಳು. ಮೂರನೆಯದು, ಇನ್ನೂ ಬಳಸುತ್ತಿರುವವನು ಸಾಯದಂತೆ, ರೋಗ ಅಂಟಿಸಿಕೊಳ್ಳದಂತೆ ಏನು ಮಾಡಬೇಕು ಎಂಬ ಬೇರೆಯೇ ಪ್ರಶ್ನೆಗೆ ಉತ್ತರ. ಹೊಸ ಸೂಜಿ ಮತ್ತು ಸಿರಿಂಜು ಕೊಡುವುದು, ಹೆರಾಯಿನ್ ಬದಲಿಗೆ ಮೆಥಡೋನ್ ಅಥವಾ ಬ್ಯುಪ್ರೆನಾರ್ಫಿನ್ ಕೊಡುವುದು, ಓವರ್‌ಡೋಸ್ ಆದಾಗ ಉಸಿರು ಮರಳಿಸುವ ನಲಾಕ್ಸೋನ್ ಕೊಡುವುದು ಈ ಬಗೆಯ ಸೇವೆಗಳು.

ಇವು ನಿಷೇಧದ ಕಾನೂನಿನ ಅಡಿಯಲ್ಲಿಯೂ ನಡೆಯಬಲ್ಲವು ಎಂಬುದಕ್ಕೆ ಭಾರತವೇ ಉದಾಹರಣೆ. 27ನೇ ಕಲಂ ಜಾರಿಯಲ್ಲಿರುವಾಗಲೇ ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆಯು ಸಿರಿಂಜು ವಿತರಣೆಯನ್ನೂ ಬದಲಿ ಔಷಧದ ಕೇಂದ್ರಗಳನ್ನೂ ನಡೆಸುತ್ತಿದೆ. ಪೋರ್ಚುಗಲ್ ಕೂಡ ಔಷಧದಂಗಡಿಗಳಲ್ಲಿ ಸಿರಿಂಜು ಬದಲಾಯಿಸಿ ಕೊಡುವುದನ್ನು ಆರಂಭಿಸಿದ್ದು 1993ರಲ್ಲಿ, ಅಂದರೆ ಕಾನೂನು ಬದಲಾಗುವ ಎಂಟು ವರ್ಷ ಮೊದಲು. ಇದನ್ನು ನೆನಪಿಡಿ, ನಾಲ್ಕನೆಯ ಹೆಜ್ಜೆಯಲ್ಲಿ ಬೇಕಾಗುತ್ತದೆ.

ಮೂರನೆಯ ಹೆಜ್ಜೆ: ಅಳತೆಗೋಲನ್ನು ಮೊದಲೇ ಆರಿಸಿಕೊಳ್ಳಿ

ಪೊಲೀಸರು ವಶಪಡಿಸಿಕೊಂಡ ಪ್ರಮಾಣ ಹೆಚ್ಚಿದರೆ ಅದು ಸಾಗಣೆ ಹೆಚ್ಚಿದ್ದರಿಂದಲೂ ಆಗಿರಬಹುದು, ಪೊಲೀಸರು ಹೆಚ್ಚು ಹುಡುಕಿದ್ದರಿಂದಲೂ ಆಗಿರಬಹುದು. ಸಾರ್ವಜನಿಕ ಆರೋಗ್ಯದ ಪ್ರಶ್ನೆಗೆ ಅದು ಉತ್ತರ ಕೊಡುವುದಿಲ್ಲ. ನೋಡಬೇಕಾದದ್ದು ಓವರ್‌ಡೋಸ್ ಸಾವು, ಚುಚ್ಚಿಕೊಳ್ಳುವವರಲ್ಲಿ ಹೊಸ ಎಚ್‌ಐವಿ ಸೋಂಕು, ಚಿಕಿತ್ಸೆಯಲ್ಲಿರುವವರ ಸಂಖ್ಯೆ ಮತ್ತು ಜೈಲಿನಲ್ಲಿರುವವರ ಸಂಖ್ಯೆ. ಸಾವಿನ ಲೆಕ್ಕದಲ್ಲೂ ಎಚ್ಚರ ಬೇಕು. ಶವಪರೀಕ್ಷೆಯಲ್ಲಿ ಮಾದಕವಸ್ತುವಿನ ಅಂಶ ಕಂಡ ಸಾವುಗಳೆಲ್ಲವೂ ಓವರ್‌ಡೋಸ್ ಸಾವುಗಳಲ್ಲ. ಒಂದು ದೇಶದ ಮೊದಲ ಬಗೆಯ ಎಣಿಕೆಯನ್ನು ಇನ್ನೊಂದರ ಎರಡನೆಯ ಬಗೆಯ ಎಣಿಕೆಯ ಪಕ್ಕದಲ್ಲಿಟ್ಟರೆ ಹೋಲಿಕೆಯೇ ಕೆಡುತ್ತದೆ.

ಈ ಗೋಲುಗಳಿಂದ ಅಳೆದಾಗ ಪೋರ್ಚುಗಲ್‌ನ ಚಿತ್ರ ಗಟ್ಟಿಯಾಗಿಯೇ ಇದೆ. ಚುಚ್ಚಿಕೊಳ್ಳುವವರಲ್ಲಿ ಪತ್ತೆಯಾಗುತ್ತಿದ್ದ ಹೊಸ ಎಚ್‌ಐವಿ ಪ್ರಕರಣಗಳು 2001ರ ಹೊತ್ತಿಗೆ ವರ್ಷಕ್ಕೆ ಸಾವಿರದ ಮೇಲಿದ್ದವು. 2017ರ ಹೊತ್ತಿಗೆ ಇಪ್ಪತ್ತರ ಆಸುಪಾಸಿಗೆ ಇಳಿದವು. ಮಾದಕವಸ್ತು ಅಪರಾಧಕ್ಕಾಗಿ ಜೈಲಿನಲ್ಲಿದ್ದವರ ಪಾಲು ಶೇ 40ಕ್ಕಿಂತ ಹೆಚ್ಚಿದ್ದದ್ದು ಸುಮಾರು ಅರ್ಧಕ್ಕೆ ಬಂತು. ಓವರ್‌ಡೋಸ್ ಸಾವಿನ ಪ್ರಮಾಣ ಪಶ್ಚಿಮ ಯುರೋಪಿನ ಅತಿ ಕಡಿಮೆಯವುಗಳಲ್ಲಿ ಒಂದಾಗಿದೆ.

ನಾಲ್ಕನೆಯ ಹೆಜ್ಜೆ: ಅದೇ ಹೊತ್ತಿನಲ್ಲಿ ಬೇರೇನು ಬದಲಾಯಿತು ಎಂದು ಕೇಳಿ

ಹೋಲಿಕೆಗಳು ಹೆಚ್ಚಾಗಿ ಎಡವುವುದು ಇಲ್ಲಿಯೇ. ಪೋರ್ಚುಗಲ್‌ನಲ್ಲಿ ಕಾನೂನು ಬದಲಾದ ವರ್ಷಗಳಲ್ಲೇ ಮೆಥಡೋನ್ ಚಿಕಿತ್ಸೆ ವ್ಯಾಪಕವಾಗಿ ಹರಡಿತು, ಸಿರಿಂಜು ಕಾರ್ಯಕ್ರಮ ಬೇರೂರಿತ್ತು, ಎಚ್‌ಐವಿ ಔಷಧಗಳೂ ಸಿಗತೊಡಗಿದ್ದವು. ಹಾಗಾಗಿ ಸೋಂಕಿನ ಇಳಿಕೆಯ ಪೂರ್ತಿ ಶ್ರೇಯಸ್ಸನ್ನು 2001ರ ಕಾನೂನಿಗೆ ಕೊಡಲಾಗದು. ಜೈಲಿನ ಭಯ ಹೋದದ್ದರಿಂದ ಜನ ಆ ಸೇವೆಗಳ ಬಳಿ ಬರುವುದು ಸುಲಭವಾಯಿತು ಎಂಬಷ್ಟನ್ನು ಹೇಳಬಹುದು.

ಆರೆಗಾನ್‌ನಲ್ಲಿ ಇದೇ ತಪ್ಪು ತಿರುವುಮುರುವಾಗಿ ನಡೆಯಿತು. ಕಾನೂನು ಸಡಿಲಗೊಂಡ ಮೇಲೆ ಓವರ್‌ಡೋಸ್ ಸಾವುಗಳು ಏರಿದವು, ನಿಜ. ಆದರೆ ಹೆರಾಯಿನ್‌ಗಿಂತ ಹಲವು ಪಟ್ಟು ಪ್ರಬಲವಾದ ಫೆಂಟನಿಲ್ ಅಮೆರಿಕದ ಪಶ್ಚಿಮ ಕರಾವಳಿಗೆ ಹರಡಿದ್ದೂ ಅದೇ ಸಮಯದಲ್ಲಿ. ಒಂದು ಅಧ್ಯಯನ ಸಾವುಗಳ ಏರಿಕೆಗೆ ಕಾನೂನನ್ನು ಹೊಣೆ ಮಾಡಿತು. ಫೆಂಟನಿಲ್ ಹರಡಿದ ವೇಗವನ್ನು ಲೆಕ್ಕಕ್ಕೆ ತೆಗೆದುಕೊಂಡ ನಂತರದ ಅಧ್ಯಯನಕ್ಕೆ ಅಂಥ ಸಂಬಂಧ ಕಾಣಲಿಲ್ಲ. ಅದರ ಮೇಲೆ, ಚಿಕಿತ್ಸಾ ಸೇವೆಗಳಿಗೆ ಮೀಸಲಿಟ್ಟ ಹಣದ ಬಹುಪಾಲು ಸಂಸ್ಥೆಗಳ ಕೈ ಸೇರಿದ್ದು 2022ರಲ್ಲಿ. ಶಿಕ್ಷೆಯನ್ನು ಮೊದಲು ತೆಗೆದು ಸೇವೆಯನ್ನು ಆಮೇಲೆ ಕಟ್ಟಲು ಹೊರಟ ರಾಜ್ಯವು ಆ ನಡುವಿನ ತಿಂಗಳುಗಳಲ್ಲಿ ಬೀದಿಯಲ್ಲಿದ್ದವರನ್ನು ಅವರ ಪಾಡಿಗೆ ಬಿಟ್ಟಿತ್ತು. 2024ರ ಸೆಪ್ಟೆಂಬರ್ 1ರಿಂದ ಸ್ವಂತ ಬಳಕೆಗೆ ಇಟ್ಟುಕೊಳ್ಳುವುದು ಅಲ್ಲಿ ಮತ್ತೆ ಅಪರಾಧವಾಯಿತು.

ಒಳ್ಳೆಯ ಹೋಲಿಕೆ ಹೇಗಿರುತ್ತದೆ ಎಂಬುದಕ್ಕೆ ಕೆನಡಾದ ವ್ಯಾಂಕೂವರ್ ನಗರವನ್ನು ನೋಡಬಹುದು. ನರ್ಸ್‌ಗಳ ಕಣ್ಗಾವಲಿನಲ್ಲಿ ಚುಚ್ಚಿಕೊಳ್ಳಲು ಅವಕಾಶ ಕೊಡುವ ಕೇಂದ್ರವೊಂದು ಅಲ್ಲಿ 2003ರಲ್ಲಿ ತೆರೆಯಿತು. ಸಂಶೋಧಕರು ಇಡೀ ನಗರದ ಸಾವುಗಳನ್ನು ಒಟ್ಟಾಗಿ ಎಣಿಸಲಿಲ್ಲ. ಕೇಂದ್ರದಿಂದ 500 ಮೀಟರ್ ಒಳಗಿನ ಓವರ್‌ಡೋಸ್ ಸಾವುಗಳನ್ನು ನಗರದ ಉಳಿದ ಭಾಗದ ಸಾವುಗಳ ಜೊತೆ, ಕೇಂದ್ರ ತೆರೆಯುವ ಮೊದಲು ಮತ್ತು ನಂತರ, ಹೋಲಿಸಿದರು. ಹತ್ತಿರದಲ್ಲಿ ಶೇ 35ರಷ್ಟು ಇಳಿಕೆಯಾಗಿತ್ತು, ದೂರದಲ್ಲಿ ಶೇ 9ರಷ್ಟು. ಬೀದಿಗೆ ಬರುವ ಮಾಲು ಮತ್ತು ದೇಶದ ಕಾನೂನು ಎರಡೂ ಕಡೆ ಒಂದೇ ಆಗಿದ್ದುದರಿಂದ ಈ ಅಂತರಕ್ಕೆ ಅರ್ಥವಿದೆ.

ಐದನೆಯ ಹೆಜ್ಜೆ: ಸೇವೆಯ ಒಳಗೆ ಇಣುಕಿ ನೋಡಿ

‘ಚಿಕಿತ್ಸೆ ಇದೆ’ ಎಂಬ ಸರ್ಕಾರಿ ಉತ್ತರಕ್ಕೆ ತೃಪ್ತರಾಗಬೇಡಿ. ಹೆರಾಯಿನ್‌ನ ಪರಿಣಾಮ ಕೆಲವೇ ಗಂಟೆ ಇರುತ್ತದೆ. ಅದು ಇಳಿದಂತೆ ಮೈಕೈ ನೋವು, ಭೇದಿ, ನಡುಕ ಶುರುವಾಗುವುದರಿಂದ ವ್ಯಸನಿ ದಿನಕ್ಕೆ ಮೂರು ನಾಲ್ಕು ಬಾರಿ ಸೂಜಿ ಹಿಡಿಯುತ್ತಾನೆ. ಬ್ಯುಪ್ರೆನಾರ್ಫಿನ್ ಮಾತ್ರೆಯನ್ನು ನಾಲಿಗೆಯ ಕೆಳಗಿಟ್ಟರೆ ಅದು ಸುಮಾರು ಒಂದು ದಿನ ಆ ಸಂಕಟವನ್ನು ತಡೆಯುತ್ತದೆ, ಸೂಜಿಯ ಅಗತ್ಯವೇ ಬೀಳುವುದಿಲ್ಲ. 2017ರಲ್ಲಿ ಪ್ರಕಟವಾದ ಹಲವು ದೇಶಗಳ ಅಧ್ಯಯನಗಳ ಒಟ್ಟು ವಿಶ್ಲೇಷಣೆಯಲ್ಲಿ, ಮೆಥಡೋನ್ ಚಿಕಿತ್ಸೆಯಲ್ಲಿದ್ದಾಗಿನ ಸಾವಿನ ಪ್ರಮಾಣವು ಚಿಕಿತ್ಸೆಯ ಹೊರಗಿದ್ದಾಗಿನ ಸುಮಾರು ಮೂರನೆಯ ಒಂದು ಭಾಗದಷ್ಟಿತ್ತು. ಚಿಕಿತ್ಸೆ ಬಿಟ್ಟ ಕೂಡಲಿನ ವಾರಗಳು ಅತ್ಯಂತ ಅಪಾಯಕಾರಿ ಎಂಬುದನ್ನೂ ಅದು ತೋರಿಸಿತು: ದೇಹದ ತಾಳಿಕೆ ಕುಗ್ಗಿರುತ್ತದೆ, ಹಳೆಯ ಪ್ರಮಾಣವನ್ನೇ ಚುಚ್ಚಿಕೊಂಡರೆ ಉಸಿರು ನಿಲ್ಲುತ್ತದೆ. ಜೈಲಿನಿಂದ ಬಿಡುಗಡೆಯಾದವರಿಗೂ ಇದೇ ಕಾರಣದಿಂದ ಮೊದಲ ಎರಡು ವಾರ ಪ್ರಾಣಾಂತಿಕ. ನಿಷೇಧದ ನೀತಿಯನ್ನು ತೂಗುವಾಗ ಜೈಲಿನ ಬಾಗಿಲ ಹೊರಗಿನ ಈ ಸಾವುಗಳನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಸೇವೆ ಒಮ್ಮೆ ಕಟ್ಟಿದ ಮಾತ್ರಕ್ಕೆ ನಿಲ್ಲುವುದೂ ಇಲ್ಲ. ಪೋರ್ಚುಗಲ್‌ನಲ್ಲಿ 2012ರ ಮಿತವ್ಯಯದ ದಿನಗಳಲ್ಲಿ ಈ ಕೆಲಸಕ್ಕಿದ್ದ ಪ್ರತ್ಯೇಕ ಸಂಸ್ಥೆಯನ್ನು ಒಡೆದು ಚಿಕಿತ್ಸೆಯನ್ನು ಪ್ರಾದೇಶಿಕ ಆರೋಗ್ಯ ಆಡಳಿತಗಳಿಗೆ ಹಂಚಲಾಯಿತು. ಕಾನೂನು ಒಂದಕ್ಷರವೂ ಸಡಿಲಗೊಂಡಿರಲಿಲ್ಲ. ಆದರೂ ಕೆಲವು ವರ್ಷಗಳ ಬಳಿಕ ಪೋರ್ಟೊ ನಗರದ ಬೀದಿಗಳಲ್ಲಿ ಬಹಿರಂಗ ಬಳಕೆ ಹೆಚ್ಚಿದೆ ಎಂಬ ದೂರುಗಳು ಎದ್ದವು.

ಭಾರತದಲ್ಲಿ 2017ರ ಸಮೀಕ್ಷೆಯಂತೆ ವಯಸ್ಕರಲ್ಲಿ ಎಚ್‌ಐವಿ ಶೇ 0.2ರಷ್ಟಿದ್ದರೆ ಚುಚ್ಚಿಕೊಳ್ಳುವವರಲ್ಲಿ ಶೇ 6ರಷ್ಟಿತ್ತು, ಮಿಜೋರಾಂನಲ್ಲಿ ಶೇ 20ರ ಹತ್ತಿರವಿತ್ತು. ಇವರಿಗಾಗಿ ಇರುವ ಬದಲಿ ಔಷಧ ಕೇಂದ್ರಕ್ಕೆ ಹೋದರೆ ಮೂರು ಪ್ರಶ್ನೆ ಕೇಳಿ. ಕೇಂದ್ರ ಎಷ್ಟು ಗಂಟೆಗೆ ತೆರೆಯುತ್ತದೆ? ಸೇರಿದವರಲ್ಲಿ ಆರು ತಿಂಗಳ ನಂತರವೂ ಉಳಿದವರೆಷ್ಟು? ಮಾತ್ರೆಯನ್ನು ಮನೆಗೆ ಕೊಡುತ್ತಾರೆಯೇ? ದಿನವೂ ನರ್ಸ್ ಎದುರಿನಲ್ಲೇ ಮಾತ್ರೆ ತೆಗೆದುಕೊಳ್ಳಬೇಕು ಎಂಬ ನಿಯಮದಿಂದಾಗಿ, ಬೆಳಗ್ಗೆ ಏಳಕ್ಕೆ ಕೆಲಸಕ್ಕೆ ಹೊರಡಬೇಕಾದ ಕೂಲಿಕಾರ್ಮಿಕ ಹತ್ತು ಗಂಟೆಗೆ ತೆರೆಯುವ ಕೇಂದ್ರವನ್ನು ಬಿಟ್ಟುಬಿಡುತ್ತಾನೆ. 2020ರ ಲಾಕ್‌ಡೌನ್‌ನಲ್ಲಿ ಬೇರೆ ದಾರಿ ಇಲ್ಲದೆ ಏಡ್ಸ್ ನಿಯಂತ್ರಣ ಸಂಸ್ಥೆಯೇ ಹಲವು ದಿನಗಳ ಬ್ಯುಪ್ರೆನಾರ್ಫಿನ್ ಮಾತ್ರೆಗಳನ್ನು ಮನೆಗೆ ಕೊಡಲು ಅನುಮತಿ ನೀಡಿತು. ಅದಕ್ಕಾಗಿ ಎನ್‌ಡಿಪಿಎಸ್ ಕಾಯ್ದೆಯ ಒಂದು ಕಲಮನ್ನೂ ಬದಲಿಸಬೇಕಾಗಲಿಲ್ಲ.