ಏಳರ ಕುಣಿತದಿಂದ ಹತ್ತರ ನಿದ್ದೆಗೆ: ಹನ್ನೆರಡು ಮೆಟ್ಟಿಲಿನ ಹಾಡಿನ ಪಟ್ಟಿ

ಆಲ್ದೂರಿನ ಹತ್ತಿರ ನಮ್ಮ ಕಾಫಿ ತೋಟದಲ್ಲಿ ಹೋಂಸ್ಟೇ ನಡೆಸುತ್ತಿದ್ದೇನೆ. ಶನಿವಾರ ಸಂಜೆ ಬೆಂಕಿ ಹಾಕಿದ ಮೇಲೆ ಬಂದವರು ಕುಣಿಯುತ್ತಾರೆ, ಕುಣಿಯಲಿ. ಆದರೆ ರಾತ್ರಿ ಹತ್ತಕ್ಕೆ ಸ್ಪೀಕರ್ ನಿಲ್ಲಿಸಲೇಬೇಕು. ಹತ್ತರಿಂದ ಬೆಳಗ್ಗೆ ಆರರವರೆಗೆ ಹೊರಗೆ ಧ್ವನಿವರ್ಧಕ ಹಾಕಬಾರದು ಅಂತ 2000ದ ಶಬ್ದ ಮಾಲಿನ್ಯ ನಿಯಮಗಳಲ್ಲೇ ಇದೆ. ಮೊದಲೆಲ್ಲ ಹತ್ತಕ್ಕೆ ಹೋಗಿ ಸ್ವಿಚ್ ತೆಗೆಯುತ್ತಿದ್ದೆ. ಜೋರಾಗಿ ಕುಣಿಯುತ್ತಿದ್ದವರಿಗೆ ತಟ್ಟಂತ ಹಾಡು ನಿಂತರೆ ಸಿಟ್ಟು ಬರದೆ ಇರುತ್ತಾ? ಹನ್ನೊಂದೂವರೆ ತನಕ ಮಾತು, ಕೂಗಾಟ. ಪಕ್ಕದ ಎಸ್ಟೇಟಿನವರಿಂದ ಎರಡು ಸಲ ಫೋನ್ ಬಂತು.

ಹಾಡಿನ ವೇಗವನ್ನೇ ನಿಧಾನಕ್ಕೆ ಇಳಿಸಿದರೆ ಜನ ತಾವಾಗಿ ಮಲಗಲು ಹೋಗುತ್ತಾರೆ ಅಂದೆ. ನನ್ನ ಭಾಮೈದ ಆರ್ಕೆಸ್ಟ್ರಾದಲ್ಲಿ ರಿದಮ್ ಪ್ಯಾಡ್ ನುಡಿಸುವವನು. "ಭಾವ, ಸುಮ್ನೆ ಟೈಮ್ ವೇಸ್ಟ್. ಜನ ಹಾಡಿನ ಪದ ಕೇಳ್ತಾರೆ, ಬಿಪಿಎಂ ಯಾರು ಎಣಿಸ್ತಾರೆ?" ಅಂದ. ಬಿಪಿಎಂ ಅಂದರೆ ನಿಮಿಷಕ್ಕೆ ಬೀಳುವ ತಾಳದ ಪೆಟ್ಟು. ಈಗ ಅವನೇ ನನ್ನ ಪಟ್ಟಿಯನ್ನು ಪೆನ್‌ಡ್ರೈವ್‌ಗೆ ಹಾಕಿಸಿಕೊಂಡು ಹೋಗಿದ್ದಾನೆ.

ಮೊದಲು ದುಡ್ಡು ಕಳೆದದ್ದು ಹೇಳಿಬಿಡುತ್ತೇನೆ. ಸ್ಪೀಕರ್ ಸರಿ ಇಲ್ಲ ಅಂದುಕೊಂಡು ಸುಮಾರು 38 ಸಾವಿರ ಕೊಟ್ಟು ಎರಡು ದೊಡ್ಡ ಪಾರ್ಟಿ ಬಾಕ್ಸ್ ತಂದೆ. ಬೇಸ್ ಕಣಿವೆಯಾಚೆಗೂ ಕೇಳುತ್ತಿತ್ತು. ಆರು ತಿಂಗಳಲ್ಲಿ 20ಕ್ಕೋ 21ಕ್ಕೋ ಮಾರಿದೆ. ಈಗ ಇರೋದು 13-14 ಸಾವಿರದ ಸೆಕೆಂಡ್‌ಹ್ಯಾಂಡ್ ಆಂಪ್ಲಿಫೈಯರ್, ಎರಡು ಚಿಕ್ಕ ಬಾಕ್ಸ್. ಸಾಕಾಗಿ ಮಿಕ್ಕಿದೆ. ಆನ್‌ಲೈನ್ ಆ್ಯಪ್ ನಮ್ಮಲ್ಲಿ ನಡೆಯಲ್ಲ. ಮಳೆ ಹನಿದರೆ ನೆಟ್‌ವರ್ಕ್ ಹೋಗುತ್ತೆ, ಅದೂ ಅಲ್ಲದೆ ಆ ಚಂದಾ ಮನೆಯಲ್ಲಿ ಕೇಳುವುದಕ್ಕೆ ಮಾತ್ರ. ಹಾಡು ಕೊಂಡು ಹಳೇ ಲ್ಯಾಪ್‌ಟಾಪಿನಲ್ಲಿ ಇಟ್ಟಿದ್ದೇನೆ. ನನ್ನ ಹಾಗೆ ವ್ಯಾಪಾರದ ಜಾಗದಲ್ಲಿ ಹಾಕುವವರು ಹಾಡಿನ ಹಕ್ಕು ನೋಡಿಕೊಳ್ಳುವ ಪಿಪಿಎಲ್, ಐಪಿಆರ್‌ಎಸ್ ಸಂಸ್ಥೆಗಳ ಲೈಸೆನ್ಸಿನ ಖರ್ಚನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಮೊದಲ ಪಟ್ಟಿಯಲ್ಲಿ 120ರಿಂದ ಶುರುಮಾಡಿ ಪ್ರತಿ ಹಾಡಿಗೂ ಎರಡೆರಡು ಬಿಪಿಎಂ ಕಡಿಮೆ ಮಾಡುತ್ತಾ ಹೋದೆ. ಕಾಗದದ ಮೇಲೆ ಅಂದವಾಗಿತ್ತು. ಕೇಳಿದರೆ ಯಾವ ಹದದಲ್ಲೂ ಜನ ಕೂರುತ್ತಿರಲಿಲ್ಲ. ಒಂದು ನಡೆಗೆ ಮೈ ಒಗ್ಗಬೇಕಾದರೆ ಎರಡು ಮೂರು ಹಾಡಾದರೂ ಬೇಕು. ಹಾಗಾಗಿ ಇಳಿಜಾರು ಬಿಟ್ಟು ಮೆಟ್ಟಿಲು ಮಾಡಿದೆ, ಮೆಟ್ಟಿಲಿಗೆ ಮೂರು ಹಾಡು. ಆಮೇಲೆ ಮೆಟ್ಟಿಲಿಗೆ ಆರಾರು ಬಿಪಿಎಂ ಕಳೆದೆ, ಅದೂ ಕೈಕೊಟ್ಟಿತು. 120ರಿಂದ 114ಕ್ಕೆ ಬಂದರೆ ಯಾರಿಗೂ ಗೊತ್ತಾಗಲ್ಲ. 66ರಿಂದ 60ಕ್ಕೆ ಬಂದರೆ ಬ್ಯಾಟರಿ ಹೋದ ಟೇಪ್ ರೆಕಾರ್ಡರಿನ ಹಾಗೆ ಕೇಳುತ್ತೆ. ಕಿವಿಗೆ ಗೊತ್ತಾಗುವುದು ಎಷ್ಟು ಪಾಲು ಇಳಿಯಿತು ಅನ್ನೋದು. ಆದ್ದರಿಂದ ಪ್ರತಿ ಮೆಟ್ಟಿಲಿಗೂ ನೂರಕ್ಕೆ ಆರರಷ್ಟು ಇಳಿಸಿದೆ. 120, 113, 106, 100, 94, 88, 83, 78, 73, 69, 65, 61. ಹನ್ನೆರಡು ಮೆಟ್ಟಿಲು, ಮೂವತ್ತಾರು ಹಾಡು, ಹಾಡಿಗೆ ನಾಲ್ಕೂವರೆ ನಿಮಿಷ ಅಂದರೂ ಏಳಕ್ಕೆ ಹಚ್ಚಿದ್ದು ಒಂಬತ್ತು ಮುಕ್ಕಾಲಿಗೆ ಮುಗಿಯುತ್ತೆ. ಒಂದೆರಡು ಬಿಪಿಎಂ ಆಚೀಚೆ ಆದರೆ ಚಿಂತೆ ಇಲ್ಲ.

ಅತಿ ಜಾಸ್ತಿ ಪೆಟ್ಟು ತಿಂದದ್ದು ಕಂಪ್ಯೂಟರ್ ಕೊಟ್ಟ ಸಂಖ್ಯೆ ನಂಬಿ. Mixxx ಅನ್ನೋ ಡಿಜೆ ಸಾಫ್ಟ್‌ವೇರ್ ಬಳಸುತ್ತೇನೆ, ಅದು ಪುಕ್ಕಟೆ. ಡೊಳ್ಳು ಇರುವ ಒಂದು ಜಾನಪದ ಹಾಡಿಗೆ ಅದು 72 ಅಂತ ತೋರಿಸಿತು. ನಾನು ಹಾಗೇ ಕೊನೆ ಹೊತ್ತಿನ ಮೆಟ್ಟಿಲಿಗೆ ಹಾಕಿದೆ. ಒಂಬತ್ತು ಕಾಲಿಗೆ ಹಾಡು ಬಂತು. ಶಾಲು ಹೊದ್ದು ಕೂತಿದ್ದವರು ಎದ್ದು ಮತ್ತೆ ಕುಣಿಯೋಕೆ ನಿಂತರು. ನಿಜದಲ್ಲಿ ಅದು 144. ಆವತ್ತಿಂದ ಪ್ರತಿ ಹಾಡಿಗೂ ನೆಲಕ್ಕೆ ಕಾಲು ಬಡಿಯುತ್ತಾ ಹದಿನೈದು ಸೆಕೆಂಡ್ ಎಣಿಸಿ ನಾಲ್ಕರಿಂದ ಗುಣಿಸುತ್ತೇನೆ. ನನ್ನ ಲೆಕ್ಕ ತೆರೆಯ ಮೇಲಿನದರ ಎರಡರಷ್ಟಿದ್ದರೆ ಹಾಡಿನ ಮೇಲೆ ರೈಟ್ ಕ್ಲಿಕ್ ಮಾಡಿ Double BPM, ಅರ್ಧ ಇದ್ದರೆ Halve BPM. ದಾದ್ರಾ ತಾಳದಂಥ ಆರು ಮಾತ್ರೆಯ ಭಾವಗೀತೆಗಳಲ್ಲಿ ಬೇರೆ ತರದ ತಪ್ಪು ಆಗುತ್ತೆ. ಕಾಲು 60 ಅನ್ನುತ್ತೆ, ತೆರೆ 90 ಅನ್ನುತ್ತೆ. ಅದಕ್ಕೆ ಅದೇ ಮೆನುವಿನಲ್ಲಿ 2/3 BPM ಇದೆ. ಎಣಿಸಿ ಮುಗಿಸೋಕೆ ಇನ್ನೂರು ಚಿಲ್ಲರೆ ಹಾಡಿಗೆ ನಾಲ್ಕೈದು ಸಂಜೆ ಹಿಡಿಯಿತು.

ಸಂಖ್ಯೆ ಸರಿಯಾದ ಮೇಲೂ ಕೆಲವು ಹಾಡು ಮೊಂಡು. 70ರ ನಡೆಯಲ್ಲೇ ತಬಲಾದವರು ಒಂದು ಮಾತ್ರೆಯೊಳಗೆ ನಾಲ್ಕು ಪೆಟ್ಟು ತುಂಬಿಸಿದ್ದರೆ ಅದು ಓಡುವ ಹಾಡೇ. ಅದಕ್ಕೆ ಪ್ರತಿ ಹಾಡಿಗೂ ಬಿಗಿ, ಮಧ್ಯ, ಸಡಿಲ ಅಂತ ಒಂದು ಗುರುತು ಹಾಕಿದ್ದೇನೆ. ಎಂಟೂವರೆ ದಾಟಿದ ಮೇಲೆ ಬಿಗಿ ಬರಕೂಡದು, ಒಂಬತ್ತರ ಮೇಲೆ ಸಡಿಲ ಮಾತ್ರ. ನನ್ನ ಕೇಳಿದರೆ ಬಿಪಿಎಂಗಿಂತ ಈ ಗುರುತೇ ದೊಡ್ಡದು.

ಹಿಂದೂಸ್ತಾನಿ ಗಾಯನದ ಒಂದು ಪ್ರಯೋಗವನ್ನೂ ಮಾಡಿ ನೋಡಿದೆ. ರಾತ್ರಿಗೆ ಒಪ್ಪುವ ರಾಗ, ನಲವತ್ತು ನಿಮಿಷದ ರೆಕಾರ್ಡಿಂಗು, ಕೊನೆಗೆ ಅದೊಂದೇ ಸಾಕು ಅಂದುಕೊಂಡೆ. ಆದರೆ ಖಯಾಲ್ ಹೋಗುವುದೇ ನಿಧಾನದ ವಿಳಂಬಿತದಿಂದ ಜೋರಿನ ದ್ರುತಕ್ಕೆ, ನಮ್ಮ ದಾರಿಗೆ ಪೂರಾ ಉಲ್ಟಾ. ಎಲ್ಲರೂ ಮಲಗಬೇಕಾದ ಹೊತ್ತಿಗೆ ಓಡುವ ತಾನುಗಳ ಸುರಿಮಳೆ. ಈಗ ವಾದ್ಯದ ರೆಕಾರ್ಡಿಂಗುಗಳಿಂದ ಆಲಾಪದ ಭಾಗವಷ್ಟನ್ನೇ ಕತ್ತರಿಸಿ ಕೊನೆ ಮೆಟ್ಟಿಲಿಗೆ ಇಟ್ಟುಕೊಂಡಿದ್ದೇನೆ. ಅದರಲ್ಲಿ ತಾಳವೇ ಇಲ್ಲ, ಎಣಿಸುವ ತಾಪತ್ರಯವೂ ಇಲ್ಲ.

ಇನ್ನು ಸದ್ದು. ಒಂದೊಂದು ಆಲ್ಬಮ್ ಒಂದೊಂದು ಜೋರು. ಎಲ್ಲವನ್ನೂ ಸಮ ಮಾಡಿದರೆ ಕೊಳಲು ಕೂಡ ಡೊಳ್ಳಿನಷ್ಟೇ ಜೋರಾಗಿ ಬಂದು ಬೆಚ್ಚಿಬೀಳಿಸುತ್ತೆ. Audacity ಅನ್ನೋ ಎಡಿಟಿಂಗ್ ಸಾಫ್ಟ್‌ವೇರಿನ Loudness Normalization ಒಳಗೆ ಮೊದಲ ಮೆಟ್ಟಿಲಿಗೆ -16 LUFS ಕೊಟ್ಟು, ಅದು ಸದ್ದಿನ ಜೋರಿನ ಅಳತೆ, ಪ್ರತಿ ಮೆಟ್ಟಿಲಿಗೂ ಒಂದೊಂದು ಇಳಿಸಿದೆ. ಕೊನೆಯದು -27. ಒಟ್ಟು ಹನ್ನೊಂದು ಡೆಸಿಬಲ್, ಅಂದರೆ ಕಿವಿಗೆ ಅರ್ಧಕ್ಕಿಂತ ಚೂರು ಕಡಿಮೆ. ನಡುವೆ ಯಾರೂ ವಾಲ್ಯೂಮ್ ಮುಟ್ಟಬೇಕಾಗಿಲ್ಲ. ಮೊದಲರ್ಧದಲ್ಲಿ ಹಾಡಿಗೆ ಹಾಡು ಐದಾರು ಸೆಕೆಂಡ್ ಬೆರೆಯುವಂತೆ ಇಟ್ಟಿದ್ದೇನೆ. ಕೊನೆಯ ಮೂರು ಮೆಟ್ಟಿಲಲ್ಲಿ ಪ್ರತಿ ಹಾಡಿನ ಬಾಲಕ್ಕೆ ಎರಡು ಮೂರು ಸೆಕೆಂಡ್ ಮೌನ ಅಂಟಿಸಿದ್ದೇನೆ. ಜೀರುಂಡೆ ಕೇಳಬೇಕು ಆ ಸಂದಿಯಲ್ಲಿ.

ಊಟ ಬಡಿಸುವ ಹೊತ್ತಿಗೆ, ಎಂಟು ಕಾಲರ ಸುಮಾರಿಗೆ, ಒಂದೇ ಒಂದು ಹಾಡು ಮೆಟ್ಟಿಲು ಹತ್ತುತ್ತೆ. ಅದಿಲ್ಲದಿದ್ದರೆ ಇಳಿಯೋದು ಜನರ ಗಮನಕ್ಕೆ ಬರುತ್ತೆ. ಅದು ಯಾವ ಹಾಡು, ಎಷ್ಟು ಹತ್ತಿಸಬೇಕು ಅನ್ನೋದನ್ನ ಇಲ್ಲಿ ಬರೆಯಲ್ಲ. ಪಕ್ಕಪಕ್ಕದ ಹಾಡುಗಳ ಶ್ರುತಿ ಹೊಂದಿಸುವ ನನ್ನ ಕ್ರಮವೂ ನನ್ನ ಹತ್ತಿರವೇ ಇರಲಿ.

ಹೋದ ಡಿಸೆಂಬರಿನಲ್ಲಿ ಹದಿನಾಲ್ಕು ಜನರ ಗುಂಪು ಬಂದಿತ್ತು. ಎಂಟಕ್ಕೆ ಇನ್ನೂ ಐದಾರು ಜನ ಕುಣಿಯುತ್ತಿದ್ದರು. ಒಂಬತ್ತಕ್ಕೆ ಎಲ್ಲರೂ ಬೆಂಕಿಯ ಸುತ್ತ ಕೂತಿದ್ದರು, ಮಾತು ಪಿಸುಮಾತಿಗೆ ಇಳಿದಿತ್ತು. ಒಂಬತ್ತೂವರೆಗೆ ನಾಲ್ಕು ಕುರ್ಚಿ ಖಾಲಿ. ಹಾಡು ಮುಗಿದಾಗ ಮೂವರು ಉಳಿದಿದ್ದರು, ಮುಗಿದದ್ದು ಅವರಿಗೆ ಗೊತ್ತೂ ಆಗಲಿಲ್ಲ. ನಮ್ಮ ಅಡುಗೆಯವರು ಬಂದು "ಅಣ್ಣ, ಕರೆಂಟ್ ಹೋಯ್ತಾ?" ಅಂತ ಕೇಳಿದರು. ಈ ಸೀಸನ್ ಪೂರ್ತಿ ಪಕ್ಕದವರಿಂದ ಒಂದು ಫೋನೂ ಬಂದಿಲ್ಲ.

ಮಳೆಗಾಲಕ್ಕೆ ಈ ಪಟ್ಟಿ ಆಗಲ್ಲ. ಜುಲೈಯಲ್ಲಿ ಶೀಟಿನ ಮೇಲೆ ಮಳೆ ಬೀಳುವಾಗ -27ರ ಹಾಡು ಮುಳುಗಿಯೇ ಹೋಗುತ್ತೆ. ಅದಕ್ಕೆ -21ಕ್ಕೇ ನಿಲ್ಲುವ ಇನ್ನೊಂದು ಮಾಡುತ್ತಿದ್ದೇನೆ, ಒಳಗೆ ಜಗಲಿಯಲ್ಲಿ ಹಾಕೋದಕ್ಕೆ. ಎಂಟು ಮೆಟ್ಟಿಲು ಆಗಿದೆ, ನಾಲ್ಕು ಬಾಕಿ.