ಸೀಟಿ ಹೊಡೆಯದ ಫಿಲ್ಟರ್

ಕುಮಟಾದ ನಮ್ಮ ಮನೆಯ ಮಹಡಿ ಕೋಣೆಯಲ್ಲಿ ಕಳೆದ ಮಳೆಗಾಲದಲ್ಲಿ ಒಂದು ಅನಲಾಗ್ ಸಿಂಥಸೈಜರ್ ಫಿಲ್ಟರ್, ಅಂದರೆ ಶಬ್ದದಲ್ಲಿನ ಮೇಲಿನ ಸ್ವರಗಳನ್ನು ಸೋಸಿ ತೆಗೆಯುವ ಸರ್ಕ್ಯೂಟ್, ಕಟ್ಟಿದೆ. ಕಟ್ಟಿದ್ದಕ್ಕೆ ಎರಡು ದಿನ ಸಾಕಾಯಿತು. ಅದರಿಂದ ಸರಿಯಾಗಿ ಸೀಟಿ ಹೊಡೆಸುವುದಕ್ಕೆ ಮೂರು ವಾರ ಹಿಡಿಯಿತು. ಆ ಮೂರು ವಾರದಲ್ಲಿ ರೆಸೋನೆನ್ಸ್ ಅಂದರೆ ಏನು ಅನ್ನೋದು ನನಗೆ ನಿಜವಾಗಿ ಅರ್ಥವಾಯಿತು. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಸೀಟಿಯ ವಿಷಯ. ಒಳ್ಳೆಯ ಸಿಂಥ್ ಫಿಲ್ಟರ್‌ನಲ್ಲಿ ರೆಸೋನೆನ್ಸ್ ನಾಬ್ ಪೂರ್ತಿ ತಿರುಗಿಸಿದರೆ, ಒಳಗೆ ಯಾವ ಶಬ್ದ ಕೊಡದಿದ್ದರೂ ಅದು ತಾನೇ ಹಾಡಲು ಶುರು ಮಾಡುತ್ತದೆ. ಕೊಳಲಿನ ಹಾಗೆ ನುಣುಪಾದ ಒಂದೇ ಸ್ವರ. ಕಟಾಫ್ ನಾಬ್ ತಿರುಗಿಸಿದರೆ ಆ ಸ್ವರ ಮೇಲೆ ಕೆಳಗೆ ಹೋಗುತ್ತದೆ.

ಈ ಸೀಟಿಗೆ ನಮ್ಮೂರಲ್ಲಿ ಎಲ್ಲರೂ ಕೇಳಿರುವ ಒಬ್ಬ ಅಣ್ಣ ಇದ್ದಾನೆ. ಯಕ್ಷಗಾನಕ್ಕೆ ಹೋದರೆ, ಭಾಗವತರ ಮೈಕ್ ಇದ್ದಕ್ಕಿದ್ದ ಹಾಗೆ ಕುಂಯ್ ಅಂತ ಕೂಗುತ್ತದಲ್ಲ, ಅದೇ. ನಾನು ಕಾಲೇಜು ದಿನಗಳಲ್ಲಿ ಮಾವನ ಸೌಂಡ್ ಸೆಟ್ ಜೊತೆ ಆಟಕ್ಕೆ ಹೋಗುತ್ತಿದ್ದೆ. ಮೈಕ್ ಕೂಗಿದ ಕೂಡಲೇ ಮಾವ ಹಿಂದಿನಿಂದ ಹೇಳುತ್ತಿದ್ದರು, "ತಮಾ, ವಾಲ್ಯೂಮ್ ಇಳಿಸು, ಇಲ್ಲಾಂದ್ರೆ ಮೈಕ್ ಆಚೆ ತಿರುಗಿಸು." ಎರಡೂ ಕೆಲಸ ಮಾಡುತ್ತಿದ್ದವು. ಸ್ಪೀಕರ್‌ನಿಂದ ಹೊರಟ ಶಬ್ದ ಮೈಕಿಗೆ ವಾಪಸ್ ಬಂದು, ಹೋದಾಗ ಎಷ್ಟಿತ್ತೋ ಅಷ್ಟೇ ದೊಡ್ಡದಾಗಿ, ಅದೇ ತಾಳಕ್ಕೆ ಸರಿಯಾಗಿ ಕೂಡಿಕೊಂಡರೆ ಕೂಗು ನಿಲ್ಲುವುದೇ ಇಲ್ಲ. ದೊಡ್ಡದಾಗಿರಬೇಕು, ತಾಳ ತಪ್ಪಬಾರದು. ಈ ಎರಡರಲ್ಲಿ ಒಂದು ತಪ್ಪಿದರೂ ಸುಮ್ಮನಾಗುತ್ತದೆ. ಫಿಲ್ಟರ್‌ನಲ್ಲಿ ಆಗುವುದೂ ಇಷ್ಟೇ. ಆದರೆ ಅಲ್ಲಿ ಯಾವ ಸ್ವರಕ್ಕೆ ಕೂಗಬೇಕು ಅನ್ನೋದನ್ನು ನಾವು ನಾಬ್‌ನಿಂದ ಹೇಳಬಹುದು.

ನನ್ನ ಫಿಲ್ಟರ್‌ನಲ್ಲಿ ನಾಲ್ಕು ಹಂತ. ಎಲ್‌ಎಂ 13700 ಅನ್ನೋ ಆಂಪ್ಲಿಫೈಯರ್ ಐಸಿ ಎರಡು, ಒಂದೊಂದರಲ್ಲಿ ಎರಡು ಹಂತ. ಪ್ರತಿ ಹಂತದಲ್ಲಿ ಒಂದು ಕೆಪಾಸಿಟರ್, ಅದನ್ನು ತುಂಬಿಸುವ ಒಂದು ಕರೆಂಟ್. ಕೆಪಾಸಿಟರನ್ನು ನಲ್ಲಿಯ ಕೆಳಗಿಟ್ಟ ಕೊಡ ಅಂದುಕೊಳ್ಳಿ. ಸಿಗ್ನಲ್ ನಿಧಾನವಾಗಿ ಏರಿಳಿದರೆ ಕೊಡದ ನೀರೂ ಅದರ ಜೊತೆಗೇ ಏರಿಳಿಯುತ್ತದೆ. ಸಿಗ್ನಲ್ ಬೇಗ ಬೇಗ ಏರಿಳಿದರೆ ತುಂಬಲು ಸಮಯ ಸಿಗುವುದಿಲ್ಲ. ನೀರಿನ ಮಟ್ಟ ಸ್ವಲ್ಪವೇ ಅಲುಗಾಡುತ್ತದೆ, ಅದೂ ತಡವಾಗಿ. ಕಟಾಫ್ ಅಂತ ಕರೆಯುವ ಫ್ರೀಕ್ವೆನ್ಸಿಯಲ್ಲಿ ಒಂದು ಹಂತ ಸಿಗ್ನಲನ್ನು 0.707 ಪಾಲಿಗೆ ಇಳಿಸುತ್ತದೆ, 45 ಡಿಗ್ರಿ ತಡ ಮಾಡುತ್ತದೆ. ಡಿಗ್ರಿ ಅಂದರೆ ಇಲ್ಲಿ ತಾಳದ ಲೆಕ್ಕ: ಒಂದು ಪೂರ್ತಿ ಸುತ್ತು 360.

ಈಗ ನಾಲ್ಕು ಹಂತ ಸಾಲಾಗಿ ಇಡಿ. ತಡ 45 ನಾಲ್ಕು ಸಲ, ಅಂದರೆ 180. ಅಳತೆ 0.707 × 0.707 × 0.707 × 0.707, ಅಂದರೆ ಸರಿಯಾಗಿ ಕಾಲು ಪಾಲು. 180 ಡಿಗ್ರಿ ತಡ ಅಂದರೆ ಅಲೆ ತಲೆಕೆಳಗಾಗಿ ಬರುತ್ತದೆ. ಅದನ್ನು ಇನ್ನೊಮ್ಮೆ ತಿರುಗಿಸಿ ಮೊದಲನೇ ಹಂತಕ್ಕೆ ಸೇರಿಸಿದರೆ ತಾಳ ಸರಿಹೋಯಿತು. ಕಾಲು ಪಾಲು ಆದದ್ದನ್ನು ನಾಲ್ಕು ಪಟ್ಟು ಮಾಡಿ ಸೇರಿಸಿದರೆ ಅಳತೆಯೂ ಸರಿಹೋಯಿತು. ಹಾಗಾಗಿ ರೆಸೋನೆನ್ಸ್ ನಾಬ್ ಏರಿಸುವ ಈ ಪಟ್ಟು, ಅಂದರೆ ಫೀಡ್‌ಬ್ಯಾಕ್ ಗೇನ್, 4 ಮುಟ್ಟಿದ ಕ್ಷಣ ಫಿಲ್ಟರ್ ತಾನೇ ಹಾಡುತ್ತದೆ, ಅದೂ ಕಟಾಫ್ ಎಲ್ಲಿದೆಯೋ ಅಲ್ಲೇ. ರಾಬರ್ಟ್ ಮೋಗ್ ಅವರ ಲ್ಯಾಡರ್ ಫಿಲ್ಟರ್‌ಗೆ 1969ರಲ್ಲಿ ಪೇಟೆಂಟ್ ಸಿಕ್ಕಿತು. ಅದರಲ್ಲಿ ಟ್ರಾನ್ಸಿಸ್ಟರ್‌ಗಳ ಜೋಡಣೆ ಬೇರೆ, ಆದರೆ ಹಂತಗಳು ನಾಲ್ಕೇ, ಲೆಕ್ಕವೂ ಇದೇ.

ಎರಡೇ ಹಂತ ಇದ್ದರೆ ಈ ದಾರಿಯಲ್ಲಿ ಸೀಟಿ ಬರುವುದಿಲ್ಲ. ಒಂದು ಹಂತ 90 ಡಿಗ್ರಿಯ ಹತ್ತಿರ ಹೋಗಬಹುದು, ಮುಟ್ಟಲಾರದು. ಮೂರು ಹಂತವಾದರೆ ಬರುತ್ತದೆ, ಆದರೆ ಪ್ರತಿ ಹಂತವೂ 60 ಡಿಗ್ರಿ ತಡ ಮಾಡಬೇಕು. ಅಷ್ಟರಲ್ಲಿ ಸಿಗ್ನಲ್ ಎಂಟನೇ ಒಂದು ಪಾಲಾಗಿರುತ್ತದೆ, ಗೇನ್ 8 ಬೇಕು.

ನನ್ನ ಮೊದಲ ತಪ್ಪು ತಾಳದ್ದೇ. ನನ್ನ ಬೋರ್ಡಿನಲ್ಲಿ ನಾಲ್ಕೂ ಹಂತಗಳು ಸಿಗ್ನಲನ್ನು ನೇರವಾಗೇ ದಾಟಿಸುತ್ತವೆ, ಆದ್ದರಿಂದ ಫೀಡ್‌ಬ್ಯಾಕನ್ನು ತಿರುಗಿಸಿ ಕೊಡಬೇಕಿತ್ತು. ನಾನು ನೇರವಾಗಿ ಕೊಟ್ಟಿದ್ದೆ. ನಾಬ್ ಏರಿಸಿದರೆ ಸೀಟಿಯ ಬದಲು ಶಬ್ದ ದಪ್ಪ ಆಗುತ್ತಾ, ಮಂಕಾಗುತ್ತಾ ಹೋಯಿತು. ನಾಬ್ ಹತ್ತರಲ್ಲಿ ಎರಡಕ್ಕೆ ಬರುವಷ್ಟರಲ್ಲಿ ಎಲ್ಲ ನಿಂತೇಹೋಯಿತು. ಮೀಟರ್ ಇಟ್ಟು ನೋಡಿದರೆ ಔಟ್‌ಪುಟ್‌ನಲ್ಲಿ 10 ವೋಲ್ಟ್ ಹತ್ತಿರ ಡಿಸಿ ಅಲುಗಾಡದೆ ಕೂತಿತ್ತು. ತಿರುಗಿಸದೆ ಕೊಟ್ಟರೆ ತಾಳ ಸರಿಹೋಗುವುದು ಡಿಸಿಯಲ್ಲೇ. ಅಲ್ಲಿ ಫಿಲ್ಟರ್ ಏನೂ ಇಳಿಸುವುದಿಲ್ಲ, ಹಾಗಾಗಿ ಗೇನ್ 1 ಸಾಕು ಸಿಕ್ಕಿಬೀಳಲು. ನಿಮ್ಮ ಫಿಲ್ಟರ್ ಹೀಗೆ ಒಂದು ತುದಿಗೆ ಹೋಗಿ ಅಂಟಿಕೊಂಡರೆ ಮೊದಲು ಫೀಡ್‌ಬ್ಯಾಕ್ ಐಸಿಯ ಯಾವ ಕಾಲಿಗೆ ಹೋಗಿದೆ ನೋಡಿ.

ಅದನ್ನು ಸರಿಮಾಡಿದೆ. ಆದರೂ ಸೀಟಿ ಇಲ್ಲ. ಗೇನ್ 5ರವರೆಗೆ ಹೋಗುವ ಹಾಗೆ ರೆಸಿಸ್ಟರ್ ಹಾಕಿದ್ದೆ, ಸಾಕಾಗಬೇಕಿತ್ತು. ನಾಬ್ ತುದಿಗೆ ತಂದರೂ ಶಬ್ದ ಸ್ವಲ್ಪ ಮೂಗಿನಿಂದ ಬಂದ ಹಾಗಾಯಿತು, ಅಷ್ಟೇ. ಆಗ ನಾನು ಮಾಡಬಾರದ ಕೆಲಸ ಮಾಡಿದೆ: ಫೀಡ್‌ಬ್ಯಾಕ್ ರೆಸಿಸ್ಟರ್ ಬದಲಾಯಿಸಿ ಗೇನನ್ನು 12ಕ್ಕೆ ಏರಿಸಿದೆ. ಸೀಟಿ ಬಂತು! ಮಹಡಿ ಮೆಟ್ಟಿಲು ಇಳಿದು ಹೋಗಿ ಅಮ್ಮನಿಗೆ ಹೇಳಿ ಬಂದೆ.

ಮಾರನೇ ದಿನ ಎರಡು ವಿಷಯ ಕಣ್ಣಿಗೆ ಬಿದ್ದವು. ಲೆಕ್ಕದ ಪ್ರಕಾರ 1000 ಹರ್ಟ್ಸ್‌ಗೆ ಇಟ್ಟಿದ್ದ ಕಟಾಫ್, ಹಾಡುತ್ತಿದ್ದದ್ದು 650ರ ಹತ್ತಿರ. ಮತ್ತೆ, ಯಾವುದಾದರೂ ಶಬ್ದ ಹಾಯಿಸಿದರೆ ಬೇಸ್ ಅನ್ನೋದು ಹೆಚ್ಚುಕಡಿಮೆ ಕಾಣೆ. ಕಾರಣ ಸರಳ. ತಿರುಗಿಸಿ ಕೊಟ್ಟ ಫೀಡ್‌ಬ್ಯಾಕ್ ಕಟಾಫ್‌ನಲ್ಲಿ ಕೂಡುತ್ತದೆ, ಆದರೆ ಕೆಳಗಿನ ಸ್ವರಗಳಲ್ಲಿ ಕಳೆಯುತ್ತದೆ. ಗೇನ್ 4 ಇದ್ದರೆ ಬೇಸ್ ಐದನೇ ಒಂದು ಪಾಲಿಗೆ ಇಳಿಯುತ್ತದೆ, 14 ಡೆಸಿಬೆಲ್ ನಷ್ಟ. ಅದು ಈ ಜಾತಿಯ ಫಿಲ್ಟರ್‌ಗೆ ಹುಟ್ಟಿನಿಂದ ಬಂದದ್ದು. ಗೇನ್ 12 ಆದರೆ ಹದಿಮೂರನೇ ಒಂದು ಪಾಲು. ಅದನ್ನು ಒಪ್ಪಲು ಮನಸ್ಸಾಗಲಿಲ್ಲ.

ಹಾಗಾಗಿ ಒಂದೊಂದೇ ಹಂತ ಅಳೆದೆ. ಇದೇ ನಾನು ಎಲ್ಲರಿಗೂ ಹೇಳುವ ವಿಧಾನ. ರೆಸೋನೆನ್ಸ್ ನಾಬ್ ಸೊನ್ನೆಗೆ ಇಡಿ. ಒಳಗೆ 2 ವೋಲ್ಟ್ ಎತ್ತರದ, ಅಂದರೆ ತುದಿಯಿಂದ ತುದಿಗೆ 2 ವೋಲ್ಟ್‌ನ ಸೈನ್ ಅಲೆ ಕೊಡಿ. ಆಸಿಲೋಸ್ಕೋಪನ್ನು ಮೊದಲನೇ ಹಂತದ ಔಟ್‌ಪುಟ್‌ಗೆ ಇಟ್ಟು, ಅಲೆ 1.4 ವೋಲ್ಟ್‌ಗೆ ಇಳಿಯುವ ತನಕ ಫ್ರೀಕ್ವೆನ್ಸಿ ಏರಿಸಿ. ಅದು ಆ ಹಂತದ ಕಟಾಫ್. ಇನ್ನು ಫ್ರೀಕ್ವೆನ್ಸಿ ಮುಟ್ಟಬೇಡಿ, ಪ್ರೋಬ್ ಮಾತ್ರ ಮುಂದೆ ಮುಂದೆ ಸರಿಸಿ. ಎರಡನೇ ಹಂತದಲ್ಲಿ 1 ವೋಲ್ಟ್, ಮೂರರಲ್ಲಿ 0.7, ನಾಲ್ಕರಲ್ಲಿ 0.5 ಸಿಗಬೇಕು.

ನನಗೆ ಮೊದಲನೆಯದರಲ್ಲಿ 1.4, ಎರಡರಲ್ಲಿ 1 ಸಿಕ್ಕಿತು. ಮೂರರಲ್ಲಿ 0.1.

ಬೋರ್ಡ್ ತಿರುಗಿಸಿ, ಕನ್ನಡಕ ಹಾಕಿ, ಟಾರ್ಚ್ ಹಿಡಿದು ಆ ಕೆಪಾಸಿಟರ್ ಮೇಲಿನ ಅಂಕಿ ಓದಿದೆ. ಉಳಿದ ಮೂರರ ಮೇಲೆ 152. ಇದರ ಮೇಲೆ 153. ಅಂದರೆ ಒಂದೂವರೆ ನ್ಯಾನೋಫ್ಯಾರಡ್ ಇರಬೇಕಾದ ಜಾಗದಲ್ಲಿ 15. ಹತ್ತು ಪಟ್ಟು ದೊಡ್ಡ ಕೊಡ. ಕೊರಿಯರ್‌ನಲ್ಲಿ ಬಂದ ಒಂದೇ ಪೊಟ್ಟಣದಲ್ಲಿ ಎರಡೂ ಬೆರೆತಿದ್ದವು.

ಆಮೇಲೆ ಕಾಗದ ತೆಗೆದು ಲೆಕ್ಕ ಹಾಕಿದೆ, ಎಲ್ಲ ಸರಿಯಾಗಿ ಹೊಂದಿತು. ಮೂರನೇ ಹಂತ ಕಟಾಫ್‌ಗಿಂತ ತುಂಬಾ ಮೊದಲೇ 80 ಡಿಗ್ರಿಯಷ್ಟು ತಡ ಮಾಡುತ್ತಿತ್ತು. ಹಾಗಾಗಿ ಉಳಿದ ಮೂರು ತಲಾ 33 ಡಿಗ್ರಿ ಕೊಟ್ಟರೂ ಸಾಕು, ಒಟ್ಟು 180 ಆಗಿಬಿಡುತ್ತದೆ. ಅದು ಆಗುವುದು 650 ಹರ್ಟ್ಸ್‌ನಲ್ಲಿ. ಆದರೆ ಆ ಹಂತ ಒಂದೇ ಸಿಗ್ನಲನ್ನು ಆರೂವರೆ ಪಟ್ಟು ತಿಂದುಹಾಕುತ್ತದೆ. ನಾಲ್ಕೂ ಸೇರಿ 11 ಪಟ್ಟು. ಅದಕ್ಕೇ 5 ಸಾಲಲಿಲ್ಲ, 12 ಸಾಕಾಯಿತು. ನಾಲ್ಕೂ ಹಂತ ಒಂದೇ ಸಮ ಇದ್ದಾಗಲೇ ಅತಿ ಕಡಿಮೆ ಗೇನ್‌ನಲ್ಲಿ ಸೀಟಿ ಬರುವುದು. ಅಸಮ ಆದಷ್ಟೂ ಜಾಸ್ತಿ ಬೇಕು. ಐದು ಪರ್ಸೆಂಟ್ ಹೆಚ್ಚುಕಡಿಮೆ ಇರುವ ಕೆಪಾಸಿಟರ್‌ಗಳಿಂದ ತೊಂದರೆ ಇಲ್ಲ, ನಾಬ್ ಒಂದು ಕೂದಲೆಳೆ ಮುಂದೆ ಹೋಗಬೇಕಾಗುತ್ತದೆ ಅಷ್ಟೇ.

ಕೆಪಾಸಿಟರ್ ಬದಲಾಯಿಸಿ, ಗೇನನ್ನು ಮತ್ತೆ 5ಕ್ಕೆ ಇಳಿಸಿದೆ. ನಾಬ್ ಎಂಟು ದಾಟುತ್ತಿದ್ದ ಹಾಗೆ ಸ್ವರ ಎದ್ದಿತು. ಐದರಲ್ಲಿ ಎಂಟು ಹತ್ತನೇ ಪಾಲು ಅಂದರೆ ನಾಲ್ಕು, ಅಲ್ವಾ? ಆ ಕ್ಷಣವನ್ನು ಸ್ಕೋಪ್‌ನಲ್ಲಿ ನೋಡುವುದೇ ಒಂದು ಖುಷಿ. ಮೊದಲು ಸಪಾಟಾದ ಗೆರೆ, ಅದರ ಮೇಲೆ ಸಣ್ಣ ನಡುಕ. ಆ ನಡುಕವೇ ಬೀಜ. ಯಾವ ಸರ್ಕ್ಯೂಟ್‌ನಲ್ಲೂ ಇರುವ ನಾಯ್ಸ್ ಅದು, ಎಲ್ಲ ಫ್ರೀಕ್ವೆನ್ಸಿಯೂ ಅದರಲ್ಲಿ ಚೂರುಚೂರು ಇರುತ್ತದೆ. ಕಟಾಫ್‌ನಲ್ಲಿರುವ ಚೂರು ಮಾತ್ರ ಪ್ರತಿ ಸುತ್ತಿಗೂ ಸ್ವಲ್ಪ ಸ್ವಲ್ಪ ಬೆಳೆಯುತ್ತದೆ. ಗೆರೆ ಉಬ್ಬಿ, ಅಲೆಯಾಗಿ, ನನ್ನದರಲ್ಲಿ ಸುಮಾರು 4 ವೋಲ್ಟ್ ಎತ್ತರಕ್ಕೆ ಹೋಗಿ ನಿಂತಿತು.

ನಿಂತದ್ದು ಯಾಕೆ? ಎಲ್‌ಎಂ 13700ರ ಒಳಗಿನ ಹಂತ ನೇರವಾಗಿ ನಡೆದುಕೊಳ್ಳುವುದು ಅದರ ಕಾಲುಗಳಲ್ಲಿ ಹತ್ತಿಪ್ಪತ್ತು ಮಿಲಿವೋಲ್ಟ್ ಇರುವ ತನಕ ಮಾತ್ರ. ಅದಕ್ಕೇ ಪ್ರತಿ ಹಂತದ ಬಾಗಿಲಲ್ಲಿ 100 ಕಿಲೋಓಮ್ ಮತ್ತು 1 ಕಿಲೋಓಮ್ ಇಟ್ಟು ಸಿಗ್ನಲನ್ನು ನೂರರಲ್ಲಿ ಒಂದು ಪಾಲು ಮಾಡಿದ್ದೇನೆ. ಅಲೆ ದೊಡ್ಡದಾದ ಹಾಗೆ ಹಂತಗಳು ಸೋಲುತ್ತವೆ, ಅವುಗಳ ಗೇನ್ ಇಳಿಯುತ್ತದೆ. ಸುತ್ತಿನ ಒಟ್ಟು ಗೇನ್ ಮತ್ತೆ ಸರಿಯಾಗಿ 1ಕ್ಕೆ ಬಂದಾಗ ಬೆಳವಣಿಗೆ ನಿಲ್ಲುತ್ತದೆ. ನಾಬ್ ಎಂಟರ ಆಸುಪಾಸಿನಲ್ಲಿದ್ದರೆ ಸ್ವರ ತುಂಬಾ ಶುದ್ಧ. ಹತ್ತಕ್ಕೆ ಏರಿಸಿದರೆ ಸ್ವಲ್ಪ ಒರಟಾಗುತ್ತದೆ, ಶ್ರುತಿಯೂ ಕೊಂಚ ಸರಿಯುತ್ತದೆ. ನನಗೆ ಎಂಟರ ಸ್ವಲ್ಪ ಕೆಳಗಿನ ಜಾಗ ಇನ್ನೂ ಇಷ್ಟ. ಅಲ್ಲಿ ಸೀಟಿ ಇಲ್ಲ, ಆದರೆ ಒಂದು ಚಿಕ್ಕ ಪಲ್ಸ್ ಕೊಟ್ಟರೆ ಜಾಗಟೆಗೆ ಹೊಡೆದ ಹಾಗೆ ಮೊಳಗಿ ನಿಧಾನವಾಗಿ ಆರುತ್ತದೆ.

ಒಂದು ಎಚ್ಚರಿಕೆ. ಸೀಟಿ ಪರೀಕ್ಷೆ ಮಾಡುವಾಗ ಇಯರ್‌ಫೋನ್ ಕಿವಿಯಲ್ಲಿ ಇರಬಾರದು. ಅದು ಒಮ್ಮೆಗೇ ಎದ್ದುಬಿಡುತ್ತದೆ. ಕಟಾಫ್ ತುಂಬಾ ಮೇಲಿದ್ದರೆ ಕಿವಿಗೆ ಏನೂ ಕೇಳಿಸುವುದಿಲ್ಲ, ಆದರೂ ಸ್ಪೀಕರ್‌ನ ಟ್ವೀಟರ್ ಒಳಗೊಳಗೇ ಬಿಸಿಯಾಗುತ್ತಿರುತ್ತದೆ.

ಕೊನೆಗೆ ಅದನ್ನು ಶ್ರುತಿಪೆಟ್ಟಿಗೆಯ ಕಪ್ಪು ಒಂದಕ್ಕೆ, ಅಂದರೆ 277 ಹರ್ಟ್ಸ್‌ಗೆ ಕೂಡಿಸಿದೆ. ಬೆಳಿಗ್ಗೆ ಕೋಣೆಯಲ್ಲಿ 25 ಡಿಗ್ರಿ ಇತ್ತು. ಮಳೆ ಬಿಟ್ಟು ಬಿಸಿಲು ಬಿದ್ದ ಮಧ್ಯಾಹ್ನ ಹಂಚಿನ ಕೆಳಗೆ 33. ಫಿಲ್ಟರ್, ಶ್ರುತಿಪೆಟ್ಟಿಗೆ ಎರಡನ್ನೂ ಒಟ್ಟಿಗೆ ನುಡಿಸಿದರೆ ನಡುವೆ ಬಡಿತ ಕೇಳಿಸಿತು, ಸೆಕೆಂಡಿಗೆ ಏಳರಷ್ಟು. ಈ ಐಸಿಯ ಹಂತಗಳು ಒಂದು ಡಿಗ್ರಿ ಬಿಸಿ ಏರಿದರೆ ಸುಮಾರು 0.33 ಪರ್ಸೆಂಟ್ ನಿಧಾನವಾಗುತ್ತವೆ, ಕಟಾಫ್ ನಿರ್ಧರಿಸುವ ಕಂಟ್ರೋಲ್ ಕರೆಂಟ್ ಬದಲಾಗದಿದ್ದರೂ. ಎಂಟು ಡಿಗ್ರಿಗೆ 277 ಹೋಗಿ 270 ಆಗಿತ್ತು. ಈಗ ನಾನು ಸ್ವಿಚ್ ಹಾಕಿ ಅರ್ಧ ಗಂಟೆ ಬಿಡುತ್ತೇನೆ. ಆಮೇಲೆ ಪೆಟ್ಟಿಗೆ ಪಕ್ಕದಲ್ಲಿಟ್ಟು, ಬಡಿತ ನಿಲ್ಲುವ ತನಕ ಕಟಾಫ್ ತಿರುಗಿಸಿ, ನುಡಿಸಲು ಕೂರುತ್ತೇನೆ.